ಆ ಫೋಟೊ ಅಂಗಡಿಯದಲ್ಲ

2007ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಬಸ್ ತಂಗುದಾಣವೊಂದರಲ್ಲಿ ವರ್ಜಿನ್ ಮೊಬೈಲ್ ಕಂಪನಿಯ ಜಾಹೀರಾತು ಕಾಣಿಸಿಕೊಂಡಿತು. ಅದರಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಎರಡು ಬೆರಳೆತ್ತಿ ನಗುತ್ತಿದ್ದಳು. ಅವಳು ಆಸ್ಟ್ರೇಲಿಯಾದವಳಲ್ಲ, ಅಮೆರಿಕದ ಟೆಕ್ಸಾಸಿನವಳು. ಅಲ್ಲಿನ ಚರ್ಚೊಂದರ ಕಾರು ತೊಳೆಯುವ ಕಾರ್ಯಕ್ರಮದಲ್ಲಿ ಅವಳಿಗೆ ಪರಿಚಯವಿದ್ದವರೊಬ್ಬರು ಆ ಫೋಟೊ ತೆಗೆದಿದ್ದರು. ಅದನ್ನು ಫ್ಲಿಕರ್ ತಾಣಕ್ಕೆ ಹಾಕಿ, ‘ನನ್ನ ಹೆಸರು ಹೇಳಿದರೆ ಸಾಕು, ವ್ಯಾಪಾರಕ್ಕೂ ಬಳಸಬಹುದು’ ಎಂಬ ಅರ್ಥದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನೂ ಕೊಟ್ಟಿದ್ದರು. ಕಂಪನಿ ಜಾಹೀರಾತಿನ ಅಡಿಯಲ್ಲಿ ಫ್ಲಿಕರ್ ವಿಳಾಸವನ್ನು ಸಣ್ಣ ಅಕ್ಷರದಲ್ಲಿ ಹಾಕಿತ್ತು. ಅಂದರೆ ಫೋಟೊ ತೆಗೆದವರ ಅನುಮತಿ ಇತ್ತು, ಮೂಲದ ಉಲ್ಲೇಖವೂ ಇತ್ತು. ಆದರೆ ಫೋಟೊದಲ್ಲಿದ್ದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅವಳ ಮುಖದ ಜೊತೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದ ಮಾತಿನ ಅರ್ಥ, ‘ನಿನ್ನ ಪತ್ರಮಿತ್ರರನ್ನು ಕೈಬಿಡು’ ಎಂದು. ಅವಳು ಆ ಜಾಹೀರಾತಿನಲ್ಲಿ ಕೈಬಿಡಬೇಕಾದ ಪತ್ರಮಿತ್ರಳಾಗಿದ್ದಳು. ಮನೆಯವರು ಟೆಕ್ಸಾಸಿನಲ್ಲಿ ಮೊಕದ್ದಮೆ ಹೂಡಿದರು. ಆಸ್ಟ್ರೇಲಿಯಾದ ಕಂಪನಿಯ ಮೇಲೆ ತನಗೆ ಅಧಿಕಾರ ವ್ಯಾಪ್ತಿ ಇಲ್ಲವೆಂದು 2009ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು.

ಗ್ರಾಹಕರ ಫೋಟೊ ತೆಗೆದುಕೊಂಡು ತಮ್ಮ ಪುಟದಲ್ಲಿ ಮರುಹಂಚುವ ಕೆಲಸದಲ್ಲಿ ಎಲ್ಲಿ ಎಡವುತ್ತೇವೆ ಎಂಬುದು ಈ ಒಂದೇ ಪ್ರಕರಣದಲ್ಲಿ ಕಾಣುತ್ತದೆ. ಹೆಸರು ಹಾಕುವುದು, ಒಪ್ಪಿಗೆ ಪಡೆಯುವುದು, ಜೊತೆಗೆ ಬರೆಯುವ ಮಾತು ಈ ಮೂರೂ ಬೇರೆ ಬೇರೆ ಹೊಣೆಗಳು. ಒಂದನ್ನು ನೆರವೇರಿಸಿದರೆ ಇನ್ನೊಂದು ತೀರುವುದಿಲ್ಲ. ಹಿಂದೆ ಇದು ದೊಡ್ಡ ಕಂಪನಿಗಳ ತಲೆನೋವಾಗಿತ್ತು. ಈಗ ಸೀರೆ, ರೊಟ್ಟಿ, ಉಪ್ಪಿನಕಾಯಿ ಮಾರುವ ಮನೆಮಟ್ಟದ ಅಂಗಡಿಗಳೂ ದಿನಬೆಳಗಾದರೆ ಗ್ರಾಹಕರ ಫೋಟೊ ಹಂಚುತ್ತಿವೆ. ಸೀರೆ ಕೊಳ್ಳುವವರಿಗೆ ರೂಪದರ್ಶಿಯ ಫೋಟೊಗಿಂತ ತಮ್ಮಂಥವರೇ ಉಟ್ಟು ಕೂತ ಫೋಟೊ ಹೆಚ್ಚು ಹೇಳುತ್ತದೆ. ಬಟ್ಟೆ ಹೇಗೆ ಬೀಳುತ್ತದೆ, ಸೆರಗು ಎಷ್ಟುದ್ದ ಬರುತ್ತದೆ, ಮನೆಯ ಬೆಳಕಿನಲ್ಲಿ ಬಣ್ಣ ಹೇಗೆ ಕಾಣುತ್ತದೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆದ್ದರಿಂದ ಇದನ್ನು ಸೀರೆಯ ಉದಾಹರಣೆಯಿಂದಲೇ ಬಿಡಿಸಿ ನೋಡೋಣ.

ಹುಬ್ಬಳ್ಳಿಯಲ್ಲಿ ಇಳಕಲ್ ಸೀರೆ ಮಾರುವ ಒಂದು ಚಿಕ್ಕ ಅಂಗಡಿ ಇದೆ ಎಂದುಕೊಳ್ಳಿ. ಮಾಲೀಕರಿಗೆ ಒಂದು ಸಂಜೆ ಇನ್‌ಸ್ಟಾಗ್ರಾಂನಲ್ಲಿ ಸೂಚನೆ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಮೂಲತಃ ಹುನಗುಂದದ ಗ್ರಾಹಕಿಯೊಬ್ಬರು ತಮ್ಮ ಕುಬಸದ ಫೋಟೊಗಳನ್ನು ಹಾಕಿ ಅಂಗಡಿಯನ್ನು ಟ್ಯಾಗ್ ಮಾಡಿದ್ದಾರೆ. ಹಸಿರು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಕೈತುಂಬ ಹಸಿರು ಬಳೆ. ಒಂದು ಫೋಟೊದಲ್ಲಿ ಅವರೊಬ್ಬರೇ ಕೂತಿದ್ದಾರೆ, ಇನ್ನೊಂದರಲ್ಲಿ ಅತ್ತೆ ಮತ್ತು ಅಕ್ಕನ ಮಗಳು ಪಕ್ಕದಲ್ಲಿದ್ದಾರೆ. ತೆಗೆದವರು ವೃತ್ತಿಪರ ಫೋಟೊಗ್ರಾಫರ್. ಮಾಲೀಕರ ಬೆರಳು ಸ್ಕ್ರೀನ್‌ಶಾಟ್ ತೆಗೆಯಲು ಹೋಗುವುದು ಸಹಜ. ಅವರೇ ಟ್ಯಾಗ್ ಮಾಡಿದ್ದಾರಲ್ಲ, ಇನ್ನೇನು ಕೇಳುವುದು ಎಂಬ ಯೋಚನೆ.

ಟ್ಯಾಗ್ ಮಾಡುವುದೆಂದರೆ ‘ಇದನ್ನು ನೋಡಿ’ ಎಂದು ಹೇಳಿದಂತೆ, ‘ತೆಗೆದುಕೊಳ್ಳಿ’ ಎಂದು ಹೇಳಿದಂತೆ ಅಲ್ಲ. ಇನ್‌ಸ್ಟಾಗ್ರಾಂಗೆ ಫೋಟೊ ಹಾಕುವವರು ಅದನ್ನು ತೋರಿಸುವ ಪರವಾನಗಿಯನ್ನು ಆ ವೇದಿಕೆಗೆ ಕೊಡುತ್ತಾರೆಯೇ ಹೊರತು ಅಲ್ಲಿರುವ ಅಂಗಡಿಗಳಿಗಲ್ಲ. ಹೈಟಿಯ 2010ರ ಭೂಕಂಪದ ಫೋಟೊಗಳನ್ನು ಡೇನಿಯಲ್ ಮೊರೆಲ್ ಎಂಬ ಛಾಯಾಗ್ರಾಹಕರು ಟ್ವಿಟರ್ ಮೂಲಕ ಹಂಚಿದಾಗ ಎಎಫ್‌ಪಿ ಮತ್ತು ಗೆಟ್ಟಿ ಸಂಸ್ಥೆಗಳು ಅವುಗಳನ್ನು ಎತ್ತಿ ಬಳಸಿದ್ದವು. 2013ರಲ್ಲಿ ನ್ಯೂಯಾರ್ಕಿನ ಜ್ಯೂರಿ ಮೊರೆಲ್ ಅವರಿಗೆ 12 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಎಲ್ಲರದೂ ಆಗುವುದಿಲ್ಲ ಎಂಬುದು ಅಲ್ಲಿ ದುಬಾರಿಯಾಗಿಯೇ ತೀರ್ಮಾನವಾಯಿತು.

ಹಾಗಿದ್ದರೆ ಕುಬಸದ ಫೋಟೊ ಯಾರದು? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವರು. ಗೆಳತಿ ಮೊಬೈಲಿನಲ್ಲಿ ತೆಗೆದಿದ್ದರೆ ಹಕ್ಕು ಆ ಗೆಳತಿಯದು, ಫೋಟೊದಲ್ಲಿ ಇರುವವರದಲ್ಲ. ಆದರೆ ಹಣ ಕೊಟ್ಟು ಫೋಟೊಗ್ರಾಫರ್ ಕರೆಸಿದಾಗ ಲೆಕ್ಕ ಬದಲಾಗುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರೇ ಆ ಫೋಟೊದ ಮೊದಲ ಮಾಲೀಕರು ಎಂದು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಒಪ್ಪಂದ ಇದೆಯೋ ಇಲ್ಲವೋ ಎಂಬುದು ಬುಕಿಂಗ್ ಮಾಡಿದಾಗ ಕೊಟ್ಟ ಕಾಗದ ನೋಡಿದರೆ ತಿಳಿಯುತ್ತದೆ. ಮಾಲೀಕತ್ವ ಯಾರ ಬಳಿ ಇದ್ದರೂ 57ನೇ ಕಲಮಿನಡಿ, ಇದು ನಾನು ತೆಗೆದದ್ದು ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವಂತೆ ಫೋಟೊವನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು ಫೋಟೊಗ್ರಾಫರ್ ಬಳಿಯೇ ಉಳಿಯುತ್ತವೆ. ಮೂಲೆಯಲ್ಲಿದ್ದ ಅವರ ಹೆಸರನ್ನು ಕತ್ತರಿಸಿ ಅಲ್ಲಿ ಅಂಗಡಿಯ ಲಾಂಛನ ಕೂರಿಸುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಅತ್ಯಂತ ಅಸಭ್ಯವಾದದ್ದು ಇದೇ.

ಫೋಟೊದ ಹಕ್ಕು ಒಂದು ಕಡೆಯಾದರೆ ಮುಖದ ಹಕ್ಕು ಇನ್ನೊಂದು ಕಡೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಬ್ಬರ ಚಿತ್ರ, ಹೆಸರು, ಗುರುತುಗಳನ್ನು ಅವರ ಒಪ್ಪಿಗೆ ಇಲ್ಲದೆ ವಾಣಿಜ್ಯಕ್ಕೆ ಬಳಸುವುದನ್ನು ತಡೆಯುವ ಹಕ್ಕು ಅವರಿಗೆ ಇರಬೇಕು ಎಂಬ ಮಾತು ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೌಲ್ ಬರೆದ ಭಾಗದಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಸೂಕ್ಷ್ಮ ಇದೆ. ವ್ಯಕ್ತಿ ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಇದನ್ನು ಹಿಡಿದುಕೊಂಡು ‘ಸಾರ್ವಜನಿಕ ಖಾತೆಯ ಫೋಟೊ ಯಾರು ಬೇಕಾದರೂ ಬಳಸಬಹುದು’ ಎಂದು ವಾದಿಸುವವರಿದ್ದಾರೆ. ಆದರೆ ಈ ವಿನಾಯಿತಿ ಆ ಒಂದು ಕಾಯ್ದೆಗೆ ಮಾತ್ರ. ಕೃತಿಸ್ವಾಮ್ಯ ಇದರಿಂದ ಸಡಿಲವಾಗುವುದಿಲ್ಲ. ಅದೂ ಅಲ್ಲದೆ ಪಕ್ಕದಲ್ಲಿ ಕೂತ ಅತ್ತೆ ತಮ್ಮ ಫೋಟೊವನ್ನು ತಾವು ಬಹಿರಂಗಪಡಿಸಿಲ್ಲ, ಅಕ್ಕನ ಮಗಳಂತೂ ಚಿಕ್ಕವಳು. 18 ವರ್ಷದೊಳಗಿನವರ ವಿಷಯದಲ್ಲಿ ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು. ಚಿಕ್ಕಮ್ಮ ಹೂಂ ಎಂದರೆ ಸಾಲದು.

ಮಕ್ಕಳ ವಿಷಯದಲ್ಲಿ ಕ್ರಾಕ್ಸ್ ಕಂಪನಿಯ ಉದಾಹರಣೆ ಇದೆ. ಅಮೆರಿಕದ ತಾಯಿಯೊಬ್ಬರು ಕ್ರಾಕ್ಸ್ ಚಪ್ಪಲಿ ತೊಟ್ಟ ತಮ್ಮ ನಾಲ್ಕು ವರ್ಷದ ಮಗಳ ಫೋಟೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದರು. ಕಂಪನಿ ಅದನ್ನು ಕೇಳದೆಯೇ ತನ್ನ ಜಾಲತಾಣದ ಗ್ರಾಹಕರ ಚಿತ್ರಗಳ ಸಾಲಿಗೆ ಸೇರಿಸಿತ್ತು. 2015ರಲ್ಲಿ ಪತ್ರಕರ್ತರು ಕೇಳಿದಾಗಲೇ ಆ ತಾಯಿಗೆ ವಿಷಯ ಗೊತ್ತಾದದ್ದು.

ನಮ್ಮ ಅಂಗಡಿಯ ಮಾಲೀಕರು ಸ್ಕ್ರೀನ್‌ಶಾಟ್ ಬಿಟ್ಟು ಸಂದೇಶ ಬರೆಯುತ್ತಾರೆ ಎಂದುಕೊಳ್ಳೋಣ. ‘ಫೋಟೊ ಹಾಕ್ಕೊಳ್ಳಲಾ’ ಎಂದು ಕೇಳಿ, ಹೆಬ್ಬೆರಳಿನ ಚಿಹ್ನೆ ಬಂದರೆ ಅದು ಒಪ್ಪಿಗೆಯೇ ಇರಬಹುದು, ಆದರೆ ಯಾವುದಕ್ಕೆ ಒಪ್ಪಿಗೆ? ಯಾವ ಫೋಟೊ, ಎಲ್ಲಿಗೆ, ಯಾರ ಹೆಸರಿನೊಂದಿಗೆ ಎಂಬುದು ಇಬ್ಬರ ತಲೆಯಲ್ಲೂ ಬೇರೆ ಬೇರೆಯಾಗಿರುತ್ತದೆ. ನೆರೆಮನೆಯವರು ಒಂದು ಮದುವೆಗೆಂದು ಕೊಟ್ಟ ಸರವನ್ನು ಮರುದಿನ ಜಾತ್ರೆಗೂ ಹಾಕಿಕೊಂಡು ಹೋದರೆ ಹೇಗೋ, ಪುಟಕ್ಕೆಂದು ಕೇಳಿದ ಫೋಟೊವನ್ನು ಫ್ಲೆಕ್ಸಿಗೂ ಬಳಸಿದರೆ ಹಾಗೆಯೇ. ಅದಕ್ಕೇ ಅವರು ಹೀಗೆ ಬರೆಯುತ್ತಾರೆ:

‘ನಮಸ್ಕಾರ ಅಕ್ಕಾರ. ನಿಮ್ಮ ಕುಬಸದ ಫೋಟೊ ನೋಡಿ ಭಾಳ ಖುಷಿ ಆತು. ಎರಡನೇ ಫೋಟೊ, ನೀವೊಬ್ರ ಕುಂತಿದ್ದು, ಅದನ್ನ ನಮ್ಮ ಅಂಗಡಿ ಇನ್‌ಸ್ಟಾಗ್ರಾಂ ಪೇಜಿಗೆ ಹಾಕಬಹುದೇನ್ರಿ? ಬ್ಯಾರೆ ಎಲ್ಲೂ ಹಾಕಂಗಿಲ್ಲ, ರೊಕ್ಕ ಕೊಟ್ಟು ಜಾಹೀರಾತನೂ ಮಾಡಂಗಿಲ್ಲ. ಫೋಟೊ ತಗದವ್ರು ಯಾರು, ಅವ್ರ ಹೆಸರು ಹ್ಯಾಂಗ ಹಾಕಬೇಕು ಹೇಳ್ರಿ. ನಿಮ್ಮ ಹೆಸರು ಹಾಕೋದೋ ಬ್ಯಾಡೋ ಅದನ್ನೂ ಹೇಳ್ರಿ. ಬರಿಯೋ ಮಾತು ಮೊದಲ ನಿಮಗ ತೋರಸ್ತೀವಿ. ಮುಂದ ಯಾವಾಗರೆ ತಗೀರಿ ಅಂದ್ರ ಅವತ್ತ ತಗೀತೀವಿ. ಬ್ಯಾಡ ಅಂದ್ರೂ ಏನೂ ಬ್ಯಾಸರಿಲ್ಲರಿ.’

ಉತ್ತರ ಬರುತ್ತದೆ: ‘ಹಾಕ್ರಿ ಅಣ್ಣಾರ. ಆದ್ರ ನಮ್ಮಕ್ಕನ ಮಗಳು ಇರೋ ಫೋಟೊ ಬ್ಯಾಡ. ನನ್ನ ಖಾತೆ ಹೆಸರೂ ಬ್ಯಾಡ, ಬರೇ ಊರ ಹೆಸರು ಸಾಕು. ಫೋಟೊಗ್ರಾಫರ್‌ಗೆ ಕೇಳಿ ಹೇಳ್ತೀನಿ.’

ಈ ಉತ್ತರದಲ್ಲಿ ಕಲಿಯುವುದು ಬಹಳ ಇದೆ. ಹೆಸರು ಹಾಕುವುದು ಗೌರವ ಎಂದು ನಾವು ತಿಳಿದಿರುತ್ತೇವೆ. ಫೋಟೊಗ್ರಾಫರ್ ವಿಷಯದಲ್ಲಿ ಅದು ನಿಜ; ಅವರ ಹೆಸರು ಬರಹದ ಮೊದಲ ಸಾಲುಗಳಲ್ಲೇ ಬರಬೇಕು, ಫೋಟೊ ಮೇಲೂ ಟ್ಯಾಗ್ ಆಗಬೇಕು. ಇನ್‌ಸ್ಟಾಗ್ರಾಂನಲ್ಲಿ ಉದ್ದ ಬರಹದ ಮೊದಲ ಒಂದೆರಡು ಸಾಲು ಮಾತ್ರ ಕಂಡು ಉಳಿದದ್ದು ಮಡಿಚಿಕೊಳ್ಳುತ್ತದೆ; ಹ್ಯಾಶ್‌ಟ್ಯಾಗುಗಳ ರಾಶಿಯ ಕೆಳಗೆ ಹೆಸರಿಟ್ಟರೆ ಅದನ್ನು ಯಾರೂ ನೋಡುವುದಿಲ್ಲ. ಆದರೆ ಫೋಟೊದಲ್ಲಿರುವ ಹೆಣ್ಣುಮಗಳಿಗೆ ತನ್ನ ಖಾತೆಯ ಹೆಸರು ಬೀಳುವುದೆಂದರೆ ಅಪರಿಚಿತರಿಗೆ ಬಾಗಿಲು ತೆರೆದಂತೆ. ಅಂಗಡಿಯ ಪುಟ ನೋಡುವ ಸಾವಿರಾರು ಜನರಲ್ಲಿ ಕೆಲವರು ನೇರ ಅವಳಿಗೇ ಸಂದೇಶ ಕಳಿಸತೊಡಗುತ್ತಾರೆ. ಆದ್ದರಿಂದ ಖಾತೆಯ ಹೆಸರೋ, ಬರೀ ಹೆಸರೋ, ಊರೋ, ಏನೂ ಬೇಡವೋ ಎಂಬುದನ್ನು ಅವಳೇ ಆರಿಸಬೇಕು. ಅವಳ ಖಾತೆ ಖಾಸಗಿಯಾಗಿದ್ದರೆ ಇನ್ನೂ ಎಚ್ಚರ ಬೇಕು. ಅವಳನ್ನು ಹಿಂಬಾಲಿಸುವವರಿಗಷ್ಟೇ ತೋರಿಸಿದ ಫೋಟೊವನ್ನು ನಾವು ಲೋಕಕ್ಕೆಲ್ಲ ತೋರಿಸುತ್ತಿದ್ದೇವೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳಿಯೇ ಕೇಳಬೇಕು.

ಕುಬಸದ ಫೋಟೊ ಎಂದರೆ ಬಸಿರಿನ ಸುದ್ದಿಯೂ ಹೌದು. ಅದು ಕಚೇರಿಗೆ ತಿಳಿದಿದೆಯೋ ಇಲ್ಲವೋ, ಎಲ್ಲ ನೆಂಟರಿಗೂ ಹೇಳಿದ್ದಾರೋ ಇಲ್ಲವೋ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಇಂಥ ಫೋಟೊವನ್ನು ನಾಲ್ಕಾರು ತಿಂಗಳ ನಂತರ ಹಬ್ಬದ ಮಾರಾಟಕ್ಕೆಂದು ಮತ್ತೆ ಮೇಲೆ ತರುವ ಅಂಗಡಿಗಳಿವೆ. ಆ ನಡುವೆ ಆ ಮನೆಯಲ್ಲಿ ಏನಾಯಿತು ಎಂದು ಯಾರು ಬಲ್ಲರು? ಬಸಿರು ಉಳಿಯದ ತಾಯಿಯ ಮುಂದೆ ಅವಳ ಕುಬಸದ ಫೋಟೊ ಏಕಾಏಕಿ ಕಾಣಿಸಿಕೊಂಡರೆ ಆಗುವ ನೋವಿಗೆ ಯಾವ ಕ್ಷಮೆಯೂ ಸಾಲದು. ಕುಬಸ, ಮದುವೆ, ಮಗುವಿನ ನಾಮಕರಣದ ಫೋಟೊಗಳನ್ನು ಎರಡನೇ ಸಲ ಬಳಸುವ ಮುನ್ನ ಮತ್ತೆ ಕೇಳಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ, ಮೊದಲ ಒಪ್ಪಿಗೆ ಎಷ್ಟೇ ಸ್ಪಷ್ಟವಾಗಿದ್ದರೂ.

ಫೋಟೊವನ್ನು ಪುಟಕ್ಕೆ ತರುವ ದಾರಿಯೂ ಮುಖ್ಯ. ಗ್ರಾಹಕಿ ತಮ್ಮ ಸ್ಟೋರಿಯಲ್ಲಿ ಅಂಗಡಿಯ ಹೆಸರು ಹಾಕಿದ್ದರೆ ಅದನ್ನು ಅಂಗಡಿಯ ಸ್ಟೋರಿಗೆ ಸೇರಿಸುವ ಗುಂಡಿ ಸಂದೇಶದಲ್ಲೇ ಬರುತ್ತದೆ, ಅದು 24 ಗಂಟೆಯಲ್ಲಿ ಮಾಯವಾಗುತ್ತದೆ. ಆದರೆ ಅದನ್ನೇ ಹೈಲೈಟ್‌ಗೆ ಸೇರಿಸಿದರೆ ಶಾಶ್ವತವಾಗಿ ಉಳಿಯುತ್ತದೆ, ಅದಕ್ಕೆ ಬೇರೆಯಾಗಿಯೇ ಕೇಳಬೇಕು. 2021ರಿಂದ ಇರುವ ಕೊಲ್ಯಾಬ್ ಸೌಲಭ್ಯದಲ್ಲಿ ಒಂದೇ ಪೋಸ್ಟ್ ಇಬ್ಬರ ಪುಟದಲ್ಲೂ ಕಾಣುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ರೀಪೋಸ್ಟ್ ಗುಂಡಿಯಲ್ಲಿ ಮೂಲ ಹಾಕಿದವರ ಹೆಸರು ತಾನಾಗಿಯೇ ಉಳಿಯುತ್ತದೆ. ಈ ದಾರಿಗಳಲ್ಲಿ ಫೋಟೊದ ಲಗಾಮು ಹಾಕಿದವರ ಕೈಯಲ್ಲೇ ಇರುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಎಲ್ಲದರಲ್ಲೂ ಖಾತೆಯ ಹೆಸರು ಕಾಣುತ್ತದೆ, ಅದು ಬೇಡವೆಂದ ನಮ್ಮ ಗ್ರಾಹಕಿಗೆ ಇವು ಒಗ್ಗುವುದಿಲ್ಲ. ಹಾಗಾಗಿ ಮಾಲೀಕರು ಮೂಲ ಫೋಟೊವನ್ನೇ ಕಳಿಸಲು ಕೇಳುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲದಂತೆಯೇ ಬರುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಇಳಕಲ್ ಅಂಚಿನ ಸಣ್ಣ ನೇಯ್ಗೆ ಕಲಸಿಹೋಗುತ್ತದೆ.

ಬಣ್ಣದ ತೊಡಕು ಸೀರೆಯಲ್ಲಿ ಇದ್ದದ್ದೇ. ಫೋಟೊಗ್ರಾಫರ್ ಬೆಚ್ಚನೆಯ ಕಂದು ಛಾಯೆ ಕೊಟ್ಟಿದ್ದರೆ ಗಿಳಿ ಹಸಿರು ಎಲೆಹಸಿರಾಗಿ ಕಾಣಬಹುದು. ಅಂಗಡಿಯವರು ಅದನ್ನು ತಾವೇ ತಿದ್ದಿದರೆ ಫೋಟೊಗ್ರಾಫರ್ ಕೆಲಸವನ್ನು ಕೆಡಿಸಿದಂತೆ, ಹಾಗೇ ಬಿಟ್ಟರೆ ಕೊಳ್ಳುವವರಿಗೆ ತಪ್ಪು ಬಣ್ಣ ತೋರಿಸಿದಂತೆ. ಒಳ್ಳೆಯ ದಾರಿ ಎಂದರೆ ಅವರ ಫೋಟೊ ಮುಟ್ಟದೆ, ಅದೇ ಸೀರೆಯನ್ನು ಹಗಲ ಬೆಳಕಿನಲ್ಲಿ ತಾವು ತೆಗೆದ ಫೋಟೊವನ್ನು ಎರಡನೆಯದಾಗಿ ಸೇರಿಸುವುದು.

ಇನ್ನು ಫೋಟೊದ ಜೊತೆಗಿನ ಬರಹ. ಸಾಮಾನ್ಯವಾಗಿ ಕಾಣುವುದು ಇಂಥದ್ದು: ‘ನಮ್ಮ ಹ್ಯಾಪಿ ಕಸ್ಟಮರ್! ಅಪ್ಪಟ ಇಳಕಲ್ ಸೀರೆಯಲ್ಲಿ ಮಿಂಚುತ್ತಿರುವ ಚೆಲುವೆ. ಆರ್ಡರ್‌ಗೆ ಮೆಸೇಜ್ ಮಾಡಿ.’ ಇದರಲ್ಲಿ ಆ ಹೆಣ್ಣುಮಗಳು ಎಲ್ಲಿದ್ದಾರೆ? ಇದನ್ನು ಯಾರ ಫೋಟೊಗೆ ಅಂಟಿಸಿದರೂ ನಡೆಯುತ್ತದೆ. ನಮ್ಮ ಮಾಲೀಕರು ಬರೆಯುವ ಮೊದಲು ಎರಡು ಪ್ರಶ್ನೆ ಕೇಳುತ್ತಾರೆ: ಈ ಬಣ್ಣಾನ ಯಾಕ ಆರಿಸಿದ್ರಿ? ನೋಡಿದವ್ರು ಏನಂದ್ರು? ‘ಸೀರೆ ಹೇಗಿತ್ತು’ ಎಂದು ಕೇಳಿದ್ದರೆ ‘ಚಲೋ ಇತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಕತೆ ಬರುತ್ತದೆ. ಅವರ ತಾಯಿ ತಮ್ಮ ಕುಬಸಕ್ಕೆ ಉಟ್ಟಿದ್ದ ಇಳಕಲ್ ಸೀರೆ ಹರಿದುಹೋಗಿತ್ತು, ಸೆರಗು ಮಾತ್ರ ಪೆಟ್ಟಿಗೆಯಲ್ಲಿತ್ತು. ಅದರ ಫೋಟೊ ಕಳಿಸಿ ಇಂಥದ್ದೇ ಬೇಕು ಎಂದು ಕೇಳಿದ್ದರು.

ಇಲ್ಲಿ ಸೀರೆ ಬಲ್ಲವರ ತಿಳಿವಳಿಕೆ ಕತೆಗೆ ಕೈಗೂಡಿಸುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ತೋಪು ತೆನೆ ಮುಗಿದಲ್ಲಿ ಒಡಲಿನ ಬಣ್ಣ ಶುರುವಾಗುತ್ತದೆ. ತಾಯಿಯ ಸೆರಗಿನ ಆ ಜೋಡಣೆಯ ಬಳಿ ಒಂದು ಗೇಣು ಹಸಿರು ಉಳಿದಿತ್ತು, ಅಂಗಡಿಯವರು ಬಣ್ಣ ಹುಡುಕಿದ್ದು ಅದರಿಂದಲೇ. ಆಗ ಬರಹ ಹೀಗಾಗುತ್ತದೆ:

‘ಹುನಗುಂದದ ಮಗಳೊಬ್ಬರು ತಾಯಿಯ ಕುಬಸದ ಸೀರೆಯ ಸೆರಗಿನ ಫೋಟೊ ಕಳಿಸಿದ್ದರು. ಒಡಲು ಹರಿದುಹೋಗಿ, ಜೋಡಣೆಯ ಬಳಿ ಒಂದು ಗೇಣು ಹಸಿರು ಮಾತ್ರ ಉಳಿದಿತ್ತು. ಅದೇ ಹಸಿರಿನ ಸೀರೆ ಉಟ್ಟು ಅವರು ತಮ್ಮ ಕುಬಸ ಮಾಡಿಸಿಕೊಂಡರು. “ಅವ್ವ ಸೆರಗ ಹಿಡದು ನೋಡಿ, ನಂದೂ ಹಿಂಗ ಇತ್ತು ಅಂದ್ಳು” ಎಂದು ಬರೆದಿದ್ದಾರೆ. ಫೋಟೊ ಹಂಚಲು ಒಪ್ಪಿದ್ದಕ್ಕೆ ಅವರಿಗೆ, ತೆಗೆದದ್ದಕ್ಕೆ ಫೋಟೊಗ್ರಾಫರ್‌ಗೆ ವಂದನೆ.’

ವಂದನೆಯಲ್ಲಿ ಫೋಟೊಗ್ರಾಫರ್ ಹೇಳಿದಂತೆಯೇ ಅವರ ಖಾತೆಯ ಹೆಸರು ಬರುತ್ತದೆ. ಅದನ್ನು ಮಾಲೀಕರು ಕೊನೆಗೆ ಮೇಲಿನ ಸಾಲಿಗೆ ಒಯ್ಯುತ್ತಾರೆ. ಮೊದಲ ಕರಡಿನಲ್ಲಿ ಅವರು ‘ಏಳನೇ ತಿಂಗಳ ಕುಬಸ’ ಎಂದು ಬರೆದಿದ್ದರು, ‘ಅವ್ವನ ಕಣ್ತುಂಬಿ ಬಂತು’ ಎಂಬ ಸಾಲನ್ನೂ ಸೇರಿಸಿದ್ದರು. ಗ್ರಾಹಕಿ ಎರಡನ್ನೂ ತೆಗೆಸಿದರು. ತಿಂಗಳು ಹೇಳಿದರೆ ಹೆರಿಗೆಯ ದಿನ ಲೆಕ್ಕ ಹಾಕುವವರಿರುತ್ತಾರೆ. ಅವ್ವ ಅತ್ತೇ ಇರಲಿಲ್ಲ, ನಕ್ಕಿದ್ದರು. ಪ್ರಕಟಿಸುವ ಮೊದಲು ಬರಹವನ್ನು ತೋರಿಸಬೇಕು ಎನ್ನುವುದು ಇದಕ್ಕೇ. ಬೇರೆಯವರ ಬದುಕಿಗೆ ನಾವು ಸೇರಿಸುವ ಕಣ್ಣೀರು ಎಷ್ಟೇ ಸುಂದರವಾಗಿ ಕಂಡರೂ ಸುಳ್ಳು, ಅದನ್ನು ಓದಿದ ಅವರ ಮನೆಯವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಫೋಟೊಗೆ ಬದಲಾಗಿ ಅಂಗಡಿಯವರು ರಿಯಾಯಿತಿಯನ್ನೋ ಸೀರೆಯನ್ನೋ ಕೊಟ್ಟಿದ್ದರೆ ಅದನ್ನೂ ಬರಹದಲ್ಲಿ ಹೇಳಬೇಕು. ಭಾರತೀಯ ಜಾಹೀರಾತು ಮಾನಕ ಮಂಡಳಿ 2021ರಲ್ಲಿ ಸಾಮಾಜಿಕ ಜಾಲತಾಣದ ಪ್ರಚಾರಕ್ಕೆ ರೂಪಿಸಿದ ಮಾರ್ಗಸೂಚಿಯ ತಿರುಳು ಇದು: ಕೊಟ್ಟು ತೆಗೆದುಕೊಂಡ ಸಂಬಂಧ ಇದ್ದರೆ ಓದುವವರಿಗೆ ಅದು ಎದ್ದು ಕಾಣಬೇಕು.

ಒಪ್ಪಿಗೆಯ ಸಂದೇಶವನ್ನು ಸ್ಕ್ರೀನ್‌ಶಾಟ್ ಮಾಡಿ ಇಟ್ಟುಕೊಳ್ಳುವುದು ವಾಸಿ, ಏಕೆಂದರೆ ಇನ್‌ಸ್ಟಾಗ್ರಾಂನಲ್ಲಿ ಕಳಿಸಿದ ಸಂದೇಶವನ್ನು ಕಳಿಸಿದವರು ಹಿಂತೆಗೆದರೆ ನಮ್ಮ ಕಡೆಯಿಂದಲೂ ಅಳಿಯುತ್ತದೆ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಫೋಟೊ ಎಲ್ಲೆಲ್ಲಿ ಹೋಗಿದೆ ಎಂದು ಬರೆದಿಟ್ಟರೆ ಮುಂದೆ ಕೆಲಸಕ್ಕೆ ಬರುತ್ತದೆ. ಇನ್‌ಸ್ಟಾಗ್ರಾಂನಿಂದ ಫೇಸ್‌ಬುಕ್‌ಗೆ ತಾನಾಗಿಯೇ ಹೋಗುವಂತೆ ಹೊಂದಿಸಿದ್ದನ್ನು ಮರೆತಿರುತ್ತೇವೆ, ಅಂಗಡಿಯ ಹುಡುಗ ವಾಟ್ಸ್‌ಆ್ಯಪ್ ಕ್ಯಾಟಲಾಗಿಗೂ ಸೇರಿಸಿರುತ್ತಾನೆ.

ಮಗು ಹುಟ್ಟಿ ಕೆಲವು ತಿಂಗಳಾದ ಮೇಲೆ ಗ್ರಾಹಕಿ ‘ಅಣ್ಣಾರ, ಆ ಫೋಟೊ ತಗೀರಿ’ ಎಂದು ಬರೆದರೆ ಕಾರಣ ಕೇಳುವ ಅಗತ್ಯವಿಲ್ಲ. 2023ರ ಕಾಯ್ದೆಯ ಆಶಯವೂ ಅದೇ: ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಮಾಲೀಕರು ನೋಟ್‌ಬುಕ್ ತೆರೆದು ಪೋಸ್ಟ್, ಫೇಸ್‌ಬುಕ್ ಪ್ರತಿ, ಕ್ಯಾಟಲಾಗಿನ ಚಿತ್ರ ಮೂರನ್ನೂ ಅಳಿಸುತ್ತಾರೆ. ಪೋಸ್ಟನ್ನು ‘ಆರ್ಕೈವ್’ ಮಾಡಿದರೆ ಅದು ಹೊರಗೆ ಕಾಣುವುದಿಲ್ಲ, ಆದರೆ ಅಂಗಡಿಯವರ ಬಳಿ ಉಳಿದಿರುತ್ತದೆ, ಹಾಗಾಗಿ ‘ಡಿಲೀಟ್’ ಮಾಡುತ್ತಾರೆ. ಆ ನಡುವೆ ಬೇರೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದರೆ ಅದನ್ನು ಅಳಿಸುವುದು ಇವರ ಕೈಯಲ್ಲಿಲ್ಲ, ಅದನ್ನೂ ಮುಚ್ಚಿಡದೆ ಹೇಳುತ್ತಾರೆ: ‘ಅಕ್ಕಾರ, ನಮ್ಮ ಪೇಜು, ಫೇಸ್‌ಬುಕ್, ವಾಟ್ಸ್‌ಆ್ಯಪ್ ಮೂರೂ ಕಡೆ ತಗದೀವಿ. ಬ್ಯಾರೇದವ್ರ ಹತ್ರ ಎಲ್ಲೆರೆ ಕಂಡ್ರ ನಮಗೂ ತಿಳಸ್ರಿ, ತಗೀರಿ ಅಂತ ನಾವೂ ಅವ್ರಿಗೆ ಬರೀತೀವಿ.’